"ನೀತಿ ಚೆನ್ನಾಗಿತ್ತು, ಜಾರಿ ಸರಿಯಿಲ್ಲ" ಅನ್ನೋರಿಗೆ



ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ವಾರ ಶೆಟ್ಟಿಹಳ್ಳಿಯ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಳು. ಕೆಎಎಸ್‌ಗೆ ಓದ್ತಿದ್ದಾಳೆ. "ಅಣ್ಣಾ, ಇದೊಂದು ಪ್ರಶ್ನೆ ಹೇಳ್ಕೊಡಿ" ಅಂತ ನೋಟ್ಸ್ ಮುಂದಿಟ್ಟಳು. ಪ್ರಶ್ನೆ: ಸಾರ್ವಜನಿಕ ನೀತಿಯ ಚಕ್ರವನ್ನು ಉದಾಹರಣೆಯೊಂದಿಗೆ ವಿವರಿಸಿ. ಕೆಳಗೆ ಒಂದು ದುಂಡನೆ ಚಿತ್ರ, ಅದರ ಸುತ್ತ ಐದು ಬಾಣ. ಮೊದಲು ಒಂದು ಸಮಸ್ಯೆ ಸರ್ಕಾರದ ಕಾರ್ಯಸೂಚಿಗೆ ಬರುತ್ತೆ. ಆಮೇಲೆ ತಜ್ಞರು ಪರಿಹಾರ ರೂಪಿಸ್ತಾರೆ. ಆಮೇಲೆ ಸಭೆ ಅದನ್ನು ಅಂಗೀಕರಿಸುತ್ತೆ. ಆಮೇಲೆ ಜಾರಿ. ಕೊನೆಗೆ ಮೌಲ್ಯಮಾಪನ. ಅಲ್ಲಿ ಕಂಡ ತಪ್ಪು ಮತ್ತೆ ಕಾರ್ಯಸೂಚಿಗೆ ಹೋಗುತ್ತೆ, ಚಕ್ರ ತಿರುಗುತ್ತೆ.

ಉದಾಹರಣೆ ಏನು ಕೊಟ್ಟಿದ್ರು ಗೊತ್ತಾ? ನಗರಸಭೆಯ ಕಸ. "ನಾಗರಿಕರು ದೂರು ಕೊಟ್ಟರು, ಅಧಿಕಾರಿಗಳು ಯೋಜನೆ ಮಾಡಿದರು, ಕೌನ್ಸಿಲ್ ಒಪ್ಪಿತು, ಕಾರ್ಮಿಕರು ಜಾರಿ ಮಾಡಿದರು, ನಾಗರಿಕರ ಅಭಿಪ್ರಾಯ ಪಡೆದು ಮೌಲ್ಯಮಾಪನ ಮಾಡಲಾಯಿತು."

ಆ ಸಾಲನ್ನ ನಾನು ಎರಡು ಸಲ ಓದಿದೆ. ನಮ್ಮವ್ವ ಬದುಕಿರೋತನಕ ಬೀದಿ ಗುಡಿಸಿದೋಳು. ಯಾವ ಊರು, ಯಾವ ಗುತ್ತಿಗೆದಾರ ಅನ್ನೋದು ಇಲ್ಲಿ ಬೇಡ. ಈ ಐದು ಬಾಣದ ಚಿತ್ರದಲ್ಲಿ ಅವಳು ಎಲ್ಲಿದ್ದಾಳೆ ಅಂತ ಹುಡುಕಿದೆ. ನಾಲ್ಕನೇ ಬಾಣದಲ್ಲಿ ಮಾತ್ರ ಇದ್ದಾಳೆ. ದೂರು ಕೊಡೋ "ನಾಗರಿಕ" ಅವಳಲ್ಲ. ಯೋಜನೆ ಮಾಡೋ ತಜ್ಞೆ ಅವಳಲ್ಲ. ಕೈ ಎತ್ತೋ ಸದಸ್ಯೆ ಅವಳಲ್ಲ. ಅಭಿಪ್ರಾಯ ಕೇಳಿಸಿಕೊಳ್ಳೋದೂ ಅವಳನ್ನಲ್ಲ. ಪೊರಕೆ ಹಿಡಿಯೋ ಹೊತ್ತಿಗೆ ಮಾತ್ರ ಅವಳು ಬೇಕು.

ಆಮೇಲೆ ಊರು ಗಬ್ಬು ನಾತ ಹೊಡೆದಾಗ ಟಿವಿಯಲ್ಲಿ ಕೂತೋರು ಹೇಳೋದು ಒಂದೇ ಮಾತು: "ನೀತಿ ಚೆನ್ನಾಗಿತ್ತು, ಜಾರಿ ಸರಿಯಿಲ್ಲ." ಜಾರಿ ಅಂದ್ರೆ ಯಾರು? ನಮ್ಮವ್ವ. ಅಂದ್ರೆ ತಪ್ಪು ಯಾರದ್ದು? ಈ ಪೋಸ್ಟು ಆ ಒಂದು ಮಾತಿನ ಮೇಲೆ. ಜಾರಿಯಲ್ಲಿ ಕಾಣೋ ಸೋಲನ್ನ ಬಹುಪಾಲು ಮೊದಲ ಮೂರು ಹಂತದಲ್ಲೇ ಬರೆದಿಟ್ಟಿರ್ತಾರೆ. ಹೇಗೆ ಅಂತ ಒಂದೊಂದೇ ಬಾಣ ಹಿಡಿದು ನೋಡೋಣ.

ಮೊದಲ ಬಾಣ: ಯಾರ ಮೂಗಿಗೆ ನಾತ ಬಡೀಬೇಕು?

ಬೆಂಗಳೂರಿನ ಕತೆ ತಗೊಳ್ಳಿ. ವರ್ಷಗಟ್ಟಲೆ ಅಲ್ಲಿನ ಕಸ ಮಾವಳ್ಳಿಪುರಕ್ಕೆ ಹೋಯ್ತು. ಅಲ್ಲಿನ ಜನ, ಅದರಲ್ಲಿ ನಮ್ಮ ಜನಾನೂ ಇದ್ದರು, ನೀರು ಕೆಟ್ಟಿದೆ, ಉಸಿರಾಡೋಕೆ ಆಗ್ತಿಲ್ಲ ಅಂತ ಬಾಯಿ ಬಡ್ಕೊಂಡರು. ಆಗ ಅದು "ಸ್ಥಳೀಯರ ತಕರಾರು". 2012ರ ಜುಲೈನಲ್ಲಿ ಮಾವಳ್ಳಿಪುರಕ್ಕೆ ಲಾರಿ ಹೋಗೋದು ನಿಂತಿತು. ಕಸ ನಗರದ ಒಳಗೇ ರಸ್ತೆ ಬದಿ ಗುಡ್ಡೆಯಾಯ್ತು. ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಉದ್ಯಾನ ನಗರಿಯ ಕಸದ ಬಗ್ಗೆ ಬರೆಯಿತು. ಆಗ ನೋಡಿ, ರಾತ್ರೋರಾತ್ರಿ ಅದು "ಕಸದ ಬಿಕ್ಕಟ್ಟು" ಆಯ್ತು.

ಕಸ ಅದೇ. ನಾತ ಅದೇ. ಹಳ್ಳಿಯಲ್ಲಿದ್ದಾಗ ತಕರಾರು, ಬಡಾವಣೆಯಲ್ಲಿದ್ದಾಗ ಬಿಕ್ಕಟ್ಟು.

ಬಿಕ್ಕಟ್ಟಿಗೆ ಸಿಕ್ಕ ತಕ್ಷಣದ ಉತ್ತರ ಇನ್ನೊಂದು ಹಳ್ಳಿ. ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು ಲಾರಿ ತಡೆದ ಮೇಲೆ, ಆ ವರ್ಷದ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಹೋಗೋದು ನಿಂತಿತು. ಅಂದ್ರೆ ಕಾರ್ಯಸೂಚಿಯ ಬಾಗಿಲು ಅರ್ಜಿ ಬರೆದಾಗ ತೆರೀಲಿಲ್ಲ, ಲಾರಿ ನಿಂತಾಗ ತೆರೀತು.

ಹೆರಾಲ್ಡ್ ಲಾಸ್‌ವೆಲ್ ಅನ್ನೋ ಅಮೆರಿಕದ ವಿದ್ವಾಂಸ 1956ರಲ್ಲಿ ತೀರ್ಮಾನ ಕೈಗೊಳ್ಳೋ ಕೆಲಸವನ್ನ ಏಳು ಹಂತ ಮಾಡಿದ. ಇವತ್ತಿನ ಐದು ಬಾಣದ ಚಿತ್ರ ಆ ದಾರಿಯಲ್ಲೇ ಬಂದಿದ್ದು. ಆದರೆ 1962ರಲ್ಲಿ ಬಾಕ್‌ರಾಕ್, ಬರಾಟ್ಜ್ ಅನ್ನೋ ಇಬ್ಬರು ಇನ್ನೊಂದು ಮಾತು ಹೇಳಿದರು. ಅಧಿಕಾರ ಇರೋದು ತೀರ್ಮಾನ ಮಾಡೋದ್ರಲ್ಲಿ ಮಾತ್ರ ಅಲ್ಲ, ಕೆಲವು ವಿಷಯ ಚರ್ಚೆಗೇ ಬರದಂತೆ ತಡೆಯೋದ್ರಲ್ಲೂ ಇದೆ ಅಂತ. ನೋಟ್ಸಲ್ಲಿ ಲಾಸ್‌ವೆಲ್ ಇದ್ದ, ಇವರಿಬ್ಬರು ಇರಲಿಲ್ಲ. ಇವರು ಲೇಖನ ಬರೆದು ಹೇಳಿದ್ದನ್ನ ನಮ್ಮ ಕೇರಿಯವರು ನೀರಿನ ನಲ್ಲಿಯ ಮುಂದೆ ನಿಂತು ಕಲಿತಿದ್ದಾರೆ.

ಬಾಗಿಲು ಒಳಗಿನಿಂದಲೂ ತೆರೀಬಹುದು. ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿ ಕೂತ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆ ಮೇಲೆ ಮಲ ಹೊರುವ ಪದ್ಧತಿಗೆ ಈ ರಾಜ್ಯದಲ್ಲಿ ನಿಷೇಧ ತಂದರು. ಅದೇ ಕುರ್ಚಿಯಲ್ಲಿ ಅವರಿಗಿಂತ ಮೊದಲು ಕೂತೋರಿಗೆ ಆ ತಲೆಗಳು ಕಂಡಿರಲಿಲ್ಲವಾ? ಕಂಡಿದ್ದವು, ಸಮಸ್ಯೆ ಅಂತ ಕಂಡಿರಲಿಲ್ಲ. ಕೇಂದ್ರದ ಕಾನೂನು ಬರೋಕೆ 1993 ಆಗಬೇಕಾಯ್ತು. ಅದೂ ಸಾಲದೆ 2013ರಲ್ಲಿ ಇನ್ನೊಂದು.

ಎರಡನೇ ಬಾಣ: ಒಂದು ವ್ಯಾಖ್ಯೆ, ಒಂದು ಟೆಂಡರು

ನೀತಿ ರೂಪಿಸೋದು ಅಂದ್ರೆ ಭಾಷಣ ಅಲ್ಲ. ಎರಡು ಸಣ್ಣ ವಿಷಯದಲ್ಲಿ ಎಲ್ಲ ಅಡಗಿರುತ್ತೆ: ಪದಗಳ ಅರ್ಥ ಏನು, ದುಡ್ಡು ಯಾವ ಲೆಕ್ಕದಲ್ಲಿ ಹೋಗುತ್ತೆ.

ಮೊದಲು ಪದ. 2017ರಲ್ಲಿ ರಾಜ್ಯ ಸರ್ಕಾರ ಪೌರಕಾರ್ಮಿಕರ ಗುತ್ತಿಗೆ ಪದ್ಧತಿ ತೆಗೆದು ನೇರ ಪಾವತಿಗೆ ತರೋ ತೀರ್ಮಾನ ಮಾಡಿತು. ವರ್ಷಗಳ ಹೋರಾಟದ ಫಲ ಅದು, ಸಣ್ಣದಲ್ಲ. ಆದರೆ "ಪೌರಕಾರ್ಮಿಕ" ಅಂದ್ರೆ ಯಾರು? ಬೀದಿ ಗುಡಿಸೋರು. ಆಟೋ ಓಡಿಸೋ ಚಾಲಕ, ಹಿಂದೆ ನಿಂತು ಬಕೆಟ್ ಇಸ್ಕೊಳ್ಳೋ ಸಹಾಯಕ, ಲಾರಿಗೆ ತುಂಬೋ ಲೋಡರ್, ಒಳಚರಂಡಿಯವರು ಹೊರಗೆ ಉಳಿದರು. ಕಸ ಒಂದೇ, ಬೀದಿ ಒಂದೇ, ಜಾತಿಯೂ ಬಹುಪಾಲು ಒಂದೇ. ಒಬ್ಬರು ನೇರ ಪಾವತಿ, ಇನ್ನೊಬ್ಬರು ಗುತ್ತಿಗೆ. ಒಂದು ಪದದ ಅರ್ಥ ಗಂಡ ಹೆಂಡತಿಯನ್ನೇ ಎರಡು ವರ್ಗ ಮಾಡಿತು.

ಈಗ ದುಡ್ಡು. ಮನೆಯಲ್ಲೇ ಕಸ ವಿಂಗಡಿಸಿ ಕೊಡಬೇಕು ಅನ್ನೋದು ಒಳ್ಳೆ ನೀತಿ. ಬೆಂಗಳೂರಲ್ಲಿ 2012ರ ಅಕ್ಟೋಬರ್ 1ರಿಂದ ಕಡ್ಡಾಯ ಆಯ್ತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಗೆ ಆದೇಶ ಮಾಡಿತು. 2016ರ ಕೇಂದ್ರದ ಘನತ್ಯಾಜ್ಯ ನಿಯಮ ಹಸಿ, ಒಣ, ಅಪಾಯಕಾರಿ ಅಂತ ಮೂರು ಭಾಗ ಮಾಡಿ ಇಡೀ ದೇಶಕ್ಕೆ ಹೇಳಿತು. ಇಷ್ಟಾದರೂ ಕಸ ಯಾಕೆ ಬೆರೆತೇ ಬರುತ್ತೆ? "ಜನಕ್ಕೆ ಬುದ್ಧಿ ಇಲ್ಲ, ಕಸದೋರು ಸೋಮಾರಿಗಳು" ಅಂತಾರೆ. ಟೆಂಡರು ಓದಿ ಮಾತಾಡಿ ಸ್ವಾಮಿ.

ಗುತ್ತಿಗೆದಾರನಿಗೆ ಟನ್ ಲೆಕ್ಕದಲ್ಲಿ ದುಡ್ಡು ಅಂತ ಟೆಂಡರಿನಲ್ಲಿ ಇದೆ ಅಂದ್ಕೊಳ್ಳಿ. ಆಗ ತೂಕ ಜಾಸ್ತಿ ಆದಷ್ಟೂ ಬಿಲ್ಲು ಜಾಸ್ತಿ. ಪ್ಲಾಸ್ಟಿಕ್ಕು, ರಟ್ಟು ಬೇರೆ ತೆಗೆದರೆ ತೂಕ ಇಳಿಯುತ್ತೆ. ಮನೆ ಹಿತ್ತಲಲ್ಲೇ ಗೊಬ್ಬರ ಮಾಡಿಕೊಂಡರೆ ಇನ್ನೂ ಇಳಿಯುತ್ತೆ. ಗೋಡೆ ಮೇಲೆ "ಕಸ ವಿಂಗಡಿಸಿ" ಅಂತ ಬರೆಸಿದ ಅದೇ ಆಡಳಿತ, ವಿಂಗಡಿಸದೇ ಇದ್ದರೆ ಲಾಭ ಅಂತ ಕಾಗದದಲ್ಲಿ ಬರೆದುಕೊಟ್ಟಿರುತ್ತೆ. ಇದರಲ್ಲಿ ಹಿಂದೆ ನಿಂತ ಸಹಾಯಕನ ಸೋಮಾರಿತನ ಎಲ್ಲಿ ಬಂತು?

ಮೂರನೇ ಬಾಣ: ಕೈ ಎತ್ತಿದರು, ಗಂಟು ಬಿಚ್ಚಲಿಲ್ಲ

ಅಂಗೀಕಾರ ಅಂದ್ರೆ ಠರಾವು. ಸಭೆಯಲ್ಲಿ ಮೇಜು ಕುಟ್ಟಿ ಒಪ್ಪಿಕೊಳ್ತಾರೆ. ನಾವು ನೋಡಬೇಕಾದ್ದು ಠರಾವಿನ ಹಿಂದೆ ಬಜೆಟ್ಟಿನ ಸಾಲು ಇದೆಯಾ ಅಂತ. ನೇರ ಪಾವತಿಯ ತೀರ್ಮಾನ 2017ರದ್ದು. ಅದು ಬಂದ ಮೇಲೂ ಬೆಂಗಳೂರಲ್ಲಿ ತಿಂಗಳುಗಟ್ಟಲೆ ಸಂಬಳ ನಿಂತಿತು. 2018ರ ಜುಲೈನಲ್ಲಿ ಸಂಬಳ ಕಾಣದೆ ಸೋತ ಒಬ್ಬ ಪೌರಕಾರ್ಮಿಕ ಜೀವ ಕಳ್ಕೊಂಡರು. ಕಾಗದದಲ್ಲಿ ನೀತಿ ಅಂಗೀಕಾರ ಆಗಿತ್ತು. ಅವರ ಮನೆಯಲ್ಲಿ ಒಲೆ ಉರೀತಿರಲಿಲ್ಲ.

ನಾಲ್ಕನೇ ಬಾಣ: ಇಪ್ಪತ್ತೊಂಬತ್ತು ಸೆಕೆಂಡು

ಈಗ ಜಾರಿಗೆ ಬನ್ನಿ. ಲೆಕ್ಕ ಮಾಡೋಣ, ಪೆನ್ನು ತಗೊಳ್ಳಿ.

ಒಂದು ಆಟೋ ಟಿಪ್ಪರ್‌ಗೆ 750 ಮನೆ ಅಂತ ಇಟ್ಕೊಳ್ಳಿ. ಒಬ್ಬ ಚಾಲಕ, ಒಬ್ಬ ಸಹಾಯಕ. ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ ಆರು ಗಂಟೆ, ಅಂದ್ರೆ 21,600 ಸೆಕೆಂಡು. 750ರಿಂದ ಭಾಗಿಸಿ. ಒಂದು ಮನೆಗೆ 29 ಸೆಕೆಂಡು ಕೂಡ ಪೂರ್ತಿ ಸಿಗಲ್ಲ. ಅದೂ ಗಾಡಿ ಮುಂದಕ್ಕೆ ಹೋಗೋ ಸಮಯ, ತುಂಬಿದ ಗಾಡಿ ಖಾಲಿ ಮಾಡಿ ಬರೋ ಸಮಯ, ನೀರು ಕುಡಿಯೋದು, ಒಂದಕ್ಕೆ ಹೋಗೋದು ಯಾವುದನ್ನೂ ಕಳೀದೆ.

ಆ 29 ಸೆಕೆಂಡಲ್ಲಿ ಅವಳು ಬಕೆಟ್ ಇಸ್ಕೊಬೇಕು, ಒಳಗೆ ನೋಡಬೇಕು, ಬೆರೆಸಿದ್ದರೆ ಏನು ಮಾಡೋದು ಅಂತ ತೀರ್ಮಾನ ಮಾಡಬೇಕು. ಅವಳ ಮುಂದೆ ಇರೋದು ಮೂರು ದಾರಿ. ಒಂದು, "ಬೆರೆಸಿದೀರಿ, ತಗೊಳ್ಳಲ್ಲ ಅಮ್ಮಾ" ಅನ್ನೋದು. ನಿಯಮ ಹೇಳೋದು ಇದನ್ನೇ. ಆದರೆ ಒಳಗಿಂದ ಬರೋ ಮಾತು "ನೀನ್ಯಾವಳೇ ನನಗೆ ಹೇಳೋಕೆ?" ಆ ಪ್ರಶ್ನೆಯಲ್ಲಿ ಕಸ ಎಷ್ಟಿದೆ, ಜಾತಿ ಎಷ್ಟಿದೆ ಅಂತ ನಿಮಗೆ ನಾನು ಹೇಳಬೇಕಾ? ಸಂಜೆಯೊಳಗೆ ಸೂಪರ್‌ವೈಸರ್‌ಗೆ ಫೋನು, ನಾಳೆ ಅವಳಿಗೆ ಬೈಗುಳ. ಎರಡು, ಬೆರೆತಿದ್ದನ್ನ ಹಾಗೇ ಸುರೀಬೇಕು. ಆಗ ನೀತಿ ಆ ಬಾಗಿಲಲ್ಲೇ ಸತ್ತುಹೋಯ್ತು. ಮೂರು, ಗಾಡಿ ಹಿಂದೆ ನಿಂತು ಬರಿಗೈಲಿ ಬೇರೆ ಮಾಡಬೇಕು. ಪ್ಯಾಡು, ಡೈಪರ್ರು, ಒಡೆದ ಗಾಜು, ಸೂಜಿ, ಕೊಳೆತ ಅನ್ನ.

ಮೈಕೆಲ್ ಲಿಪ್‌ಸ್ಕಿ ಅನ್ನೋರು 1980ರಲ್ಲಿ ಬರೆದ ಪುಸ್ತಕದ ಸಾರ ಇದು: ಜನರ ಮುಖಾಮುಖಿ ನಿಂತು ಕೆಲಸ ಮಾಡೋ ಕೆಳಹಂತದ ನೌಕರರು ದಿನಾ ಮಾಡೋ ಸಣ್ಣ ತೀರ್ಮಾನಗಳೇ ಕೊನೆಗೆ ನೀತಿ ಆಗ್ತವೆ. ಅವರು ಪೊಲೀಸು, ಮೇಷ್ಟ್ರು, ಇಂಥವರ ಬಗ್ಗೆ ಬರೆದರು. ಅವರಿಗೆ ಒಂದಿಷ್ಟು ಅಧಿಕಾರ ಇರುತ್ತೆ. ನಮ್ಮವಳಿಗೆ ತೀರ್ಮಾನದ ಹೊಣೆ ಇದೆ, ಇಲ್ಲ ಅನ್ನೋ ಅಧಿಕಾರ ಇಲ್ಲ. ದಂಡ ಹಾಕೋ ಪುಸ್ತಕ ಬೇರೆಯವರ ಕೈಲಿ, ಬಕೆಟ್ಟು ಇವಳ ಕೈಲಿ.

2016ರ ನಿಯಮ ಇನ್ನೊಂದು ಮಾತೂ ಹೇಳಿತು. ಕಸ ಮುಟ್ಟೋ ಪ್ರತಿಯೊಬ್ಬರಿಗೂ ಸಮವಸ್ತ್ರ, ಹೊಳೆಯೋ ಜಾಕೆಟ್ಟು, ಕೈಗವಸು, ಮಳೆಕೋಟು, ಪಾದರಕ್ಷೆ, ಮಾಸ್ಕ್ ಕೊಡಬೇಕು ಅಂತ. ನಮ್ಮವ್ವನ ಕಾಲದಲ್ಲಿ ಈ ನಿಯಮ ಇರಲಿಲ್ಲ, ಅವಳಿಗೆ ಕೈಗವಸೂ ಇರಲಿಲ್ಲ. ಆದರೂ ಒಂದಿನ ತಪಾಸಣೆ ಇದೆ ಅಂತ ಎಲ್ಲರಿಗೂ ಕೈಗವಸು ಹಂಚಿದರು, ಫೋಟೋ ತೆಗೆದರು, ಸಂಜೆ ವಾಪಸ್ ಇಸ್ಕೊಂಡರು. "ಕೈಯ ಬೆವರು ಆರೋಕೆ ಮುಂಚೆ ಕಿತ್ಕೊಂಡ್ರು ಕಣಪ್ಪಾ" ಅಂದಿದ್ದಳು. ನಕ್ಕೊಂಡೇ ಹೇಳಿದ್ದಳು. ನನಗೆ ಇವತ್ತಿಗೂ ನಗು ಬರಲ್ಲ.

ಐದನೇ ಬಾಣ: ಏನನ್ನ ಎಣಿಸ್ತೀರಿ?

ಆ ಫೋಟೋ ಎಲ್ಲಿಗೆ ಹೋಯ್ತು? ವರದಿಗೆ. "ರಕ್ಷಣಾ ಸಾಮಗ್ರಿ ವಿತರಿಸಲಾಗಿದೆ." ಇದೇ ಮೌಲ್ಯಮಾಪನ.

ಎಣಿಕೆಯಲ್ಲಿ ಎರಡು ಬಗೆ ಇದೆ. ಏನು ಕೊಟ್ಟಿರಿ ಅನ್ನೋದು ಒಂದು, ಕೊಟ್ಟಿದ್ದರಿಂದ ಏನಾಯ್ತು ಅನ್ನೋದು ಇನ್ನೊಂದು. ಎಷ್ಟು ಆಟೋ ಬಂತು, ಎಷ್ಟು ಬುಟ್ಟಿ ಹಂಚಿದಿರಿ, ಎಷ್ಟು ವಾರ್ಡ್ ಮುಟ್ಟಿದಿರಿ, ಇದೆಲ್ಲ ಮೊದಲನೇ ಬಗೆ. ಇದನ್ನ ಎಣಿಸೋದು ಸುಲಭ, ಸುಳ್ಳು ಹೇಳೋದು ಇನ್ನೂ ಸುಲಭ. ನಗರಗಳಿಗೆ ರ‍್ಯಾಂಕ್ ಕೊಡೋ ಸ್ವಚ್ಛ ಸರ್ವೇಕ್ಷಣೆ 2016ರಲ್ಲಿ ಶುರುವಾದಾಗ 73 ನಗರಗಳಲ್ಲಿ ನಮ್ಮ ಮೈಸೂರು ಮೊದಲ ಸ್ಥಾನ ತಗೊಂಡಿತು. ಸಂತೋಷವೇ. ಆದರೆ ನಗರಕ್ಕೆ ಬಂದ ರ‍್ಯಾಂಕು ಗುಡಿಸಿದೋಳ ಸಂಬಳದ ಚೀಟಿಯಲ್ಲಿ ಕಾಣಲ್ಲ.

ನಿಜವಾಗಿ ವಿಂಗಡಣೆ ಆಗಿದೆಯಾ ಅಂತ ತಿಳಿಯೋಕೆ ಒಂದೇ ಅಂಕಿ ಸಾಕು. ಸಂಸ್ಕರಣಾ ಘಟಕದ ತೂಕದ ಸೇತುವೆಯ ಪುಸ್ತಕ ತೆಗೆಸಿ. ಒಳಗೆ ಎಷ್ಟು ಟನ್ ಹಸಿ ಕಸ ಬಂತು, ಜರಡಿ ಆಡಿಸಿದ ಮೇಲೆ ಗೊಬ್ಬರ ಆಗದೆ ರಿಜೆಕ್ಟ್ ಅಂತ ಗುಂಡಿಗೆ ಹೋಗಿದ್ದು ಎಷ್ಟು. ಹಸಿ ಕಸ ಹಸಿಯಾಗೇ ಬಂದಿದ್ದರೆ ರಿಜೆಕ್ಟ್ ಕಮ್ಮಿ ಇರುತ್ತೆ. ಜಾಸ್ತಿ ಇದ್ದರೆ ಶೇಕಡಾ ನೂರು ವಿಂಗಡಣೆ ಅನ್ನೋ ವರದಿ ಸುಳ್ಳು. ನಮ್ಮ ತುಮಕೂರಿನ ಕಸ ಹೋಗೋದು ಅಜ್ಜಗೊಂಡನಹಳ್ಳಿಗೆ. ಶೆಟ್ಟಿಹಳ್ಳಿಯಲ್ಲಿ ಬೆರೆಸಿ ಕೊಟ್ಟ ಬಕೆಟ್ಟಿನ ನಾತ ಅಲ್ಲಿನ ಮಕ್ಕಳ ಮೂಗಿಗೆ ಬಡಿಯುತ್ತೆ. ನಮ್ಮೂರಿನ ಮಾವಳ್ಳಿಪುರ ಯಾವುದು ಅಂತ ಬೆಂಗಳೂರಿಗೆ ಹೋಗಿ ಹುಡುಕಬೇಕಾಗಿಲ್ಲ.

ಕೆಲಸಗಾರರ ಕಡೆಯಿಂದ ನಿಜವಾದ ಮೌಲ್ಯಮಾಪನ ಅಂದ್ರೆ ಏನು ಅಂತ ತೋರಿಸಿದ್ದು 2022ರ ಜುಲೈ. ರಾಜ್ಯದ ಪೌರಕಾರ್ಮಿಕರು 1ನೇ ತಾರೀಖಿನಿಂದ ನಾಲ್ಕು ದಿನ ಪೊರಕೆ ಕೆಳಗಿಟ್ಟರು. ಐದು ವರ್ಷದ ನೇರ ಪಾವತಿ ನೀತಿಗೆ ಅವರು ಕೊಟ್ಟ ಅಂಕ ಅದು: ಸಾಲದು, ಕಾಯಂ ಮಾಡಿ, ಹೊರಗಿಟ್ಟೋರನ್ನೂ ಸೇರಿಸಿ. ಸರ್ಕಾರ ಲಿಖಿತ ಭರವಸೆ ಕೊಟ್ಟಿತು. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಮಾತಿ ಪತ್ರ ಸಿಕ್ಕಿತು. ನೋಡಿ, ನಾಲ್ಕನೇ ಬಾಣದಲ್ಲಿ ಕಟ್ಟಿಹಾಕಿದ್ದ ಹೆಂಗಸರು ಐದನೇ ಬಾಣ ಕಿತ್ಕೊಂಡು ಅದನ್ನ ಮೊದಲನೇ ಬಾಣಕ್ಕೆ ಜೋಡಿಸಿದರು. ಚಕ್ರ ತಾನಾಗೇ ತಿರುಗಲಿಲ್ಲ, ಇವರು ತಿರುಗಿಸಿದರು. ಅದೂ ಪೂರ್ತಿ ತಿರುಗಿಲ್ಲ. ಹಿಂದೆ ನಿಂತ ಸಹಾಯಕಿ, ಚಾಲಕ, ಲೋಡರ್ ಆ 12,692ರ ಲೆಕ್ಕದಲ್ಲಿ ಇಲ್ಲ.

ಈಗ ನಾವು ಮಾಡಬೇಕಾದ್ದು

ಆಕ್ರೋಶದ ಕಾಮೆಂಟ್ ಬೇಡ, ಕಾಗದ ತರಿಸೋಣ. ನಿಮ್ಮ ಊರಿನ ಪಾಲಿಕೆ, ನಗರಸಭೆ, ಪುರಸಭೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎಲ್ಲ ಒಂದರಲ್ಲೇ ತುರುಕಿದರೆ ಅದೇ ನೆಪ ಹೇಳಿ ವಾಪಸ್ ಕಳಿಸ್ತಾರೆ. ಅದಕ್ಕೆ ಬೇರೆ ಬೇರೆಯಾಗಿ ಮೂರು ಹಾಕಿ.

ಮೊದಲನೇದು, ಕಸ ಸಾಗಣೆಯ ಟೆಂಡರ್ ಮತ್ತು ಕರಾರಿನ ಪ್ರತಿ. ಅದರಲ್ಲಿ ದುಡ್ಡು ಟನ್ ಲೆಕ್ಕದಲ್ಲೋ, ಮನೆ ಲೆಕ್ಕದಲ್ಲೋ, ಗಾಡಿ ಲೆಕ್ಕದಲ್ಲೋ ನೋಡಿ. ಎರಡನೇದು, ಚಾಲಕ, ಸಹಾಯಕ, ಲೋಡರ್‌ಗಳ ಕಳೆದ ಮೂರು ತಿಂಗಳ ಹಾಜರಿ ಪಟ್ಟಿ, ಸಂಬಳದ ಬ್ಯಾಂಕ್ ಪಾವತಿ ದಿನಾಂಕ, ಇಎಸ್‌ಐ ಮತ್ತು ಪಿಎಫ್ ಕಟ್ಟಿದ ಚಲನ್. ಹಾಜರಿಯಲ್ಲಿ ಎಷ್ಟು ಹೆಸರು, ಚಲನ್‌ನಲ್ಲಿ ಎಷ್ಟು ಹೆಸರು ಅಂತ ಹೋಲಿಸಿ. ವ್ಯತ್ಯಾಸ ಇದ್ದರೆ ಅಲ್ಲೇ ಕಳ್ಳತನ. ಮೂರನೇದು, ಘಟಕದ ಒಂದು ತಿಂಗಳ ತೂಕದ ಪುಸ್ತಕ, ರಿಜೆಕ್ಟ್ ಲೆಕ್ಕದ ಸಮೇತ.

ಬಂದ ಕಾಗದವನ್ನ ಮೊದಲು ಫೇಸ್‌ಬುಕ್ಕಿಗೆ ಹಾಕಬೇಡಿ. ಬೆಳಿಗ್ಗೆ ಆರಕ್ಕೆ ಗಾಡಿ ಹೊರಡೋ ಜಾಗಕ್ಕೆ ತಗೊಂಡೋಗಿ, ಅವರ ಮುಂದೆ ಓದಿ. "ಇದು ನಿಜಾನಾ ಅಕ್ಕಾ?" ಅಂತ ಕೇಳಿ. ಕೆಲಸ ಹೋಗೋ ಭಯ ಅವರಿಗಿದೆ, ನಿಮಗಿಲ್ಲ. ಅದಕ್ಕೇ ಅರ್ಜಿಯಲ್ಲಿ ಹೆಸರು ನಿಮ್ಮದಿರಲಿ. ಅವರ ಹೆಸರು, ಅವರ ಫೋಟೋ ಎಲ್ಲೂ ಬೇಡ.

ಆ ಹುಡುಗಿಗೆ ಏನು ಹೇಳ್ದೆ ಅಂತ ಕೇಳ್ತೀರಾ? ಐದು ಬಾಣ ಬರಿ, ಅಂಕ ಬೇಕಲ್ಲ ಅಂದೆ. ಬರೆದ ಮೇಲೆ ಪ್ರತಿ ಬಾಣದ ಪಕ್ಕ ಒಂದು ಪ್ರಶ್ನೆ ಬರಿ: ಇಲ್ಲಿ ಯಾರು ಕೂತಿದ್ದರು, ಯಾರು ನಿಂತಿದ್ದರು? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ನಮ್ಮಮ್ಮ ನಿಂತಿದ್ದಳು" ಅಂದಳು.

ಅವಳು ಪಾಸಾಗ್ತಾಳೆ. ನಾಳೆ ಯಾವುದೋ ಊರಿನ ಮುಖ್ಯಾಧಿಕಾರಿ ಆಗಿ ಅದೇ ಟೆಂಡರಿಗೆ ಸಹಿ ಹಾಕೋ ಕುರ್ಚಿಯಲ್ಲಿ ಕೂರ್ತಾಳೆ. ಆವತ್ತು ಯಾರಾದರೂ ಅವಳ ಮುಂದೆ "ನೀತಿ ಚೆನ್ನಾಗಿದೆ ಮೇಡಂ, ಜಾರಿ ಮಾಡೋರೇ ಸರಿಯಿಲ್ಲ" ಅಂದರೆ, ಟೆಂಡರಿನ ಪುಟ ತೆಗೆದು ಅವರ ಮುಂದಿಡಲಿ.

ಜೈ ಭೀಮ್.